ಹಿರಿಯ ಸದಸ್ಯರಿಗೆ ಕೀಬೋರ್ಡ್ ಶಾರ್ಟ್‌ಕಟ್: ಎರಡು ಶನಿವಾರಗಳ ಕಾರ್ಯಾಗಾರದ ಯೋಜನೆ

ಸ್ಥಳ: ಮೈಸೂರು ಕುವೆಂಪುನಗರದ ನಮ್ಮ ವಾಚನಾಲಯದ ಕಂಪ್ಯೂಟರ್ ಕೊಠಡಿ
ಸಮಯ: ಎರಡು ಶನಿವಾರ, ಬೆಳಿಗ್ಗೆ 10.30ರಿಂದ 12
ಸದಸ್ಯರು ಹತ್ತು ಮಂದಿ, ಸ್ವಯಂಸೇವಕರು ನಾಲ್ವರು, ಕಂಪ್ಯೂಟರ್ ಐದು. ಒಂದೊಂದರ ಮುಂದೆ ಇಬ್ಬರು. ಒಬ್ಬರು ಒತ್ತುವಾಗ ಇನ್ನೊಬ್ಬರು ನೋಡಲಿ, ಆಮೇಲೆ ಜಾಗ ಬದಲಾಗಲಿ.

ಕಲಿಸುವುದು ಹನ್ನೊಂದೇ ಶಾರ್ಟ್‌ಕಟ್. ಯಾರಾದರೂ ಇನ್ನಷ್ಟು ಕೇಳಿದರೆ ಅವರಿಗೆ ಮಾತ್ರ ಬೇರೆಯಾಗಿ ಹೇಳಿ. ನಮ್ಮ ಸದಸ್ಯರನ್ನು ಹಿಂದೆಳೆಯುವುದು ಮರೆವಲ್ಲ, ಏನೋ ಒತ್ತಿ ಎಲ್ಲ ಅಳಿಸಿಹೋದೀತೆಂಬ ಭಯ. ಆದ್ದರಿಂದ ಮೊದಲ ಪಾಠ ಕಾಪಿ ಮಾಡುವುದಲ್ಲ, ಆದ ತಪ್ಪನ್ನು ಹಿಂದಕ್ಕೆ ತರುವುದು.

ಮುಂಚಿತ ಸಿದ್ಧತೆ

ಪ್ರತಿ ಕಂಪ್ಯೂಟರಿನಲ್ಲೂ ವರ್ಡ್‌ನ ಅಭ್ಯಾಸದ ಕಡತ ತೆರೆದಿರಲಿ, ಅಕ್ಷರ 18ರ ಗಾತ್ರದಲ್ಲಿರಲಿ. ಹಳೆಯ ನೋಟ್‌ಪ್ಯಾಡ್ ಕೊನೆಯ ಒಂದು ಹೆಜ್ಜೆಯನ್ನಷ್ಟೇ ಹಿಂದಿರುಗಿಸುತ್ತದೆ, ಅಭ್ಯಾಸಕ್ಕೆ ಅದು ಬೇಡ. ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿ ನೋಡಿಕೊಳ್ಳಿ. ಶಾರ್ಟ್‌ಕಟ್‌ಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದ ಹಾಳೆಯನ್ನು ಎಲ್ಲರಿಗೂ ಮನೆಗೆ ಕೊಡಬೇಕು.

ಮೊದಲ ಶನಿವಾರ

ಮೊದಲ ಹತ್ತು ನಿಮಿಷ Ctrl, Shift, Alt ಎಲ್ಲಿವೆಯೆಂದು ಬೆರಳಿಟ್ಟು ತೋರಿಸಿ. ಒಂದು ಕಾಲಕ್ಕೆ ಟೈಪ್‌ರೈಟಿಂಗ್ ಪರೀಕ್ಷೆ ಪಾಸು ಮಾಡಿ ಕಚೇರಿ ಸೇರಿದವರು ಗುಂಪಿನಲ್ಲಿದ್ದರೆ ಅವರನ್ನೇ ಮುಂದೆ ಬಿಡಿ. Shift ಹಿಡಿದುಕೊಂಡು ಇನ್ನೊಂದು ಕೀಲಿ ಒತ್ತುವುದು ಅವರ ಕೈಗೆ ಹಳೆಯ ಅಭ್ಯಾಸ.

ನಂತರ 25 ನಿಮಿಷ Ctrl+A ಮತ್ತು Ctrl+Z. ಇಡೀ ಪುಟವನ್ನು Ctrl+A ಒತ್ತಿ ಆರಿಸಲಿ, Delete ಒತ್ತಲಿ. ಪರದೆ ಬಿಳಿಯಾಗುತ್ತದೆ. ಆಗ ಯಾರೂ ಮೌಸ್ ಮುಟ್ಟಬೇಡಿ, ನೀವೂ ಕೈ ಹಾಕಬೇಡಿ. ಅವರೇ Ctrl+Z ಒತ್ತಿ ಪುಟವನ್ನು ಹಿಂದಕ್ಕೆ ತರಲಿ. ಕೈ ಹೆದರುವುದು ನಿಲ್ಲುವವರೆಗೆ ಇದನ್ನು ಮತ್ತೆ ಮತ್ತೆ ಮಾಡಿಸಿ; ಸಮಯ ಮೀರಿದರೂ ಚಿಂತೆಯಿಲ್ಲ. ಎಲ್ಲವನ್ನೂ ಆರಿಸಿದ ಮೇಲೆ ತಿಳಿಯದೆ ಒಂದು ಅಕ್ಷರ ಒತ್ತಿದರೂ ಪುಟವೆಲ್ಲ ಹೋಗಿ ಆ ಅಕ್ಷರ ಮಾತ್ರ ಉಳಿಯುತ್ತದೆ. ಅದನ್ನೂ ಬೇಕೆಂದೇ ಮಾಡಿಸಿ.

ಆಮೇಲೆ ಅರ್ಧ ಗಂಟೆ ಕತ್ತರಿಸಿ ಅಂಟಿಸುವುದು. ಮೌಸ್ ಎಳೆದು ಸಾಲು ಆರಿಸುವುದು ನಡುಗುವ ಕೈಗೆ ಕಷ್ಟ. ಸಾಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ Home ಒತ್ತಿ, ಆಮೇಲೆ Shift+End ಒತ್ತಿದರೆ ಸಾಲು ಪೂರ್ತಿ ಆಯ್ಕೆಯಾಗುತ್ತದೆ. Ctrl+X ಕತ್ತರಿಸಲು, Ctrl+C ನಕಲು ತೆಗೆಯಲು, Ctrl+V ಅಂಟಿಸಲು. Z, X, C, V ಕೆಳಸಾಲಿನಲ್ಲಿ ಅಕ್ಕಪಕ್ಕದಲ್ಲೇ ಇವೆ, ಒಂದೇ ಉಸಿರಿನಲ್ಲಿ ಹೇಳಿಸಿ.

ಅಭ್ಯಾಸದ ಪಠ್ಯ ಇದು. ಪ್ರತಿ ಸಾಲಿನ ಕೆಳಗೂ ಒಂದು ಖಾಲಿ ಸಾಲಿರಲಿ:

ತುಪ್ಪ ಸವರಿದ ತಟ್ಟೆಗೆ ಸುರಿದು ಕತ್ತರಿಸಿ.

ಸಕ್ಕರೆಗೆ ನೀರು ಹಾಕಿ ಒಂದೆಳೆ ಪಾಕ ಬರಿಸಿ.

ಬಿಸಿ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ.

ಪಾಕಕ್ಕೆ ಕಡಲೆಹಿಟ್ಟು ಹಾಕಿ ಗಂಟಾಗದಂತೆ ಕಲಸಿ.

ಮೈಸೂರು ಪಾಕ್ ಮಾಡಲು ಗೊತ್ತಿರುವವರಿಗೆ ಕ್ರಮ ತಪ್ಪಿರುವುದು ಕೂಡಲೇ ಕಾಣುತ್ತದೆ. ಮೊದಲ ಸಾಲನ್ನು ಕೊನೆಗೆ, ಕಡಲೆಹಿಟ್ಟಿನ ಸಾಲನ್ನು ಪಾಕದ ಕೆಳಗೆ ಒಯ್ದರೆ ಸರಿಯಾಗುತ್ತದೆ. ಮುಗಿದ ಮೇಲೆ Ctrl+S ಒತ್ತಿ ಉಳಿಸಲಿ.

ಸಂಧಿನೋವಿನಿಂದ ಎರಡು ಕೀಲಿ ಒಟ್ಟಿಗೆ ಒತ್ತಲಾಗದವರಿಗೆ Shift ಅನ್ನು ಐದು ಸಲ ಒತ್ತಿಸಿ, ಕೇಳುವ ಪ್ರಶ್ನೆಗೆ Yes ಅನ್ನಿ. ಇದು Sticky Keys. ಆಮೇಲೆ Ctrl ಒತ್ತಿ ಬಿಟ್ಟು, ನಿಧಾನವಾಗಿ C ಒತ್ತಿದರೂ ನಕಲಾಗುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಈ ಸೌಲಭ್ಯ ತಾನಾಗಿ ನಿಂತುಹೋಗಬಹುದು, ಗಮನವಿರಲಿ. ಎಲ್ಲರ ಮುಂದೆ ಹೆಸರು ಹಿಡಿದು ಕೂಗದೆ, ಪಕ್ಕಕ್ಕೆ ಹೋಗಿ ಮಾಡಿಕೊಡಿ.

ಎರಡನೆಯ ಶನಿವಾರ

ಮೊದಲ ಕಾಲು ಗಂಟೆ ಕಳೆದ ವಾರದ್ದು, ಹಾಳೆ ನೋಡಿಕೊಂಡೇ ಮಾಡಲಿ.

ಮುಂದಿನದು ಬ್ರೌಸರ್‌ನಲ್ಲಿ. Ctrl ಹಿಡಿದು + ಒತ್ತಿದರೆ ಪುಟದ ಅಕ್ಷರ ದೊಡ್ಡದಾಗುತ್ತದೆ. ಪತ್ರಿಕೆಯ ಜಾಲತಾಣ ತೆರೆದು ಕನ್ನಡಕ ತೆಗೆದಿಟ್ಟು ಓದುವಷ್ಟು ದೊಡ್ಡದು ಮಾಡಿಸಿ. ಹಳೆಯ ಗಾತ್ರ ಬೇಕಾದರೆ ಇರಲಿ ಎಂದು Ctrl+0 ಅನ್ನು ನೀವು ತಿಳಿದಿರಿ, ಕಲಿಸುವ ಪಟ್ಟಿಗೆ ಸೇರಿಸಬೇಡಿ.

ನಂತರ Ctrl+F. ಪಿಂಚಣಿದಾರರ ಜೀವಿತ ಪ್ರಮಾಣಪತ್ರದ ಕುರಿತ ಉದ್ದನೆಯ ಪುಟ ತೆರೆದು 80 ಎಂದು ಹುಡುಕಿಸಿ: ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ನವೆಂಬರ್‌ವರೆಗೆ ಕಾಯದೆ ಅಕ್ಟೋಬರ್ 1ರಿಂದಲೇ ಅದನ್ನು ಸಲ್ಲಿಸಬಹುದು. ಇದು ಅವರಿಗೆ ನಿಜವಾಗಿ ಬೇಕಾದ ಮಾಹಿತಿ, ಹುಡುಕಲು ಉತ್ಸಾಹ ತಾನಾಗಿ ಬರುತ್ತದೆ. ಕನ್ನಡ ಪದ ಹುಡುಕುವ ಮುನ್ನ ವಿಂಡೋಸ್ ಕೀಲಿ ಹಿಡಿದು Space ಒತ್ತಿ ಭಾಷೆ ಬದಲಿಸಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತದಲ್ಲಿ ಯೂನಿಕೋಡ್ ಪದ ಸಿಗುವುದಿಲ್ಲ. ಯೂನಿಕೋಡ್ ಪುಟವನ್ನೇ ಬಳಸಿ.

ಕೊನೆಗೆ Ctrl+P. ಬಡಾವಣೆಯ ಬೀದಿದೀಪ ಕೆಟ್ಟಿರುವ ಬಗ್ಗೆ ಪಾಲಿಕೆಗೆ ಮೂರು ಸಾಲಿನ ಅರ್ಜಿ ಬರೆದು, ಉಳಿಸಿ, ಮುದ್ರಿಸಿ, ಸಹಿ ಹಾಕಲಿ. ಅರ್ಜಿಯನ್ನು ನಿಜವಾಗಿಯೇ ಕಳುಹಿಸೋಣ.

Alt+F4 ಅನ್ನು ಬೇಕೆಂದೇ ಬಿಟ್ಟಿದ್ದೇನೆ. ತೆರೆದ ಕಿಟಕಿ ಏಕಾಏಕಿ ಮುಚ್ಚಿಹೋದರೆ ಮೊದಲ ವಾರ ಗಳಿಸಿದ ಧೈರ್ಯ ಕುಸಿಯುತ್ತದೆ.

ಮುಂದಿನ ಒಂದು ತಿಂಗಳು ಬುಧವಾರ ಸಂಜೆ 4ರಿಂದ 5ರವರೆಗೆ ಕೊಠಡಿ ತೆರೆದಿರುತ್ತದೆ. ಒಬ್ಬ ಸ್ವಯಂಸೇವಕರಾದರೂ ಅಲ್ಲಿರಬೇಕು. ಸರದಿ ಪಟ್ಟಿಯಲ್ಲಿ ಈ ಶುಕ್ರವಾರದೊಳಗೆ ನಿಮ್ಮ ಹೆಸರು ಬರೆಯಿರಿ.