ವಿಷಯ: ಮನೆ ಕೆಲಸದಲ್ಲಿ ಕೇಳಿರುವ ಬದಲಾವಣೆಗಳು ಮತ್ತು ಅವುಗಳ ಹೆಚ್ಚುವರಿ ಖರ್ಚು

ನಮಸ್ಕಾರ ಮೇಷ್ಟ್ರೇ,

ಭಾನುವಾರ ಸೈಟಿಗೆ ಬಂದಾಗ ನೀವು ಮತ್ತು ಅಮ್ಮನವರು ನಾಲ್ಕು ಬದಲಾವಣೆ ಹೇಳಿದಿರಿ. ನಮ್ಮ ಮೇಸ್ತ್ರಿ ಎಲ್ಲಕ್ಕೂ "ಆಗತ್ತೆ ಸಾರ್" ಎಂದುಬಿಟ್ಟಿದ್ದಾರೆ. ಕೆಲಸ ಆಗುತ್ತದೆ, ನಿಜ. ಆದರೆ ಕರಾರಿನ ದರದಲ್ಲೇ ಆಗುತ್ತದೆ ಎಂದು ಅವರು ಹೇಳಿದ್ದಲ್ಲ, ಹೇಳುವ ಅಧಿಕಾರವೂ ಅವರದಲ್ಲ. ಕೈ ಹಾಕುವ ಮೊದಲು ಲೆಕ್ಕ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಕರಾರು 18 ಚದರಕ್ಕೆ, ಚದರಡಿಗೆ ₹2,150ರಂತೆ, ನೀವು ಸಹಿ ಮಾಡಿದ ನಕ್ಷೆಗೆ. ಆ ನಕ್ಷೆ ಬದಲಾದರೆ ಖರ್ಚು ಬೇರೆ, ಕೆಲಸಕ್ಕೆ ಮೊದಲು ಬರಹದಲ್ಲಿ ಒಪ್ಪಿಗೆ ಬೇಕು ಎಂದು 7ನೇ ಕಲಂನಲ್ಲಿದೆ.

ಮೊದಲು ಸುಲಭದ್ದು. ಮಲಗುವ ಕೋಣೆಯ ಎರಡು ಪ್ಲಗ್ ಪಾಯಿಂಟ್ ಜರುಗಿಸಲು ದುಡ್ಡಿಲ್ಲ. ಗೋಡೆಗೆ ಇನ್ನೂ ಝರಿ ಹೊಡೆದಿಲ್ಲ, ಗುರುತು ಅಳಿಸಿ ಬೇರೆ ಕಡೆ ಹಾಕಿದರಾಯಿತು.

ದೊಡ್ಡದು ಮಹಡಿಯ ಬಾತ್‌ರೂಮ್. ಈಶಾನ್ಯದಿಂದ ವಾಯವ್ಯಕ್ಕೆ ಹೋಗಬೇಕು ಎಂದಿರಿ. ತೊಂದರೆ ಗೋಡೆಯದಲ್ಲ, ಮೋಲ್ಡಿನದು. ಪೈಪುಗಳು ನೆಲದೊಳಗೆ ಅಡಗಲಿ ಎಂದು ಈಶಾನ್ಯದಲ್ಲಿ 8×5 ಅಡಿ ಜಾಗವನ್ನು ಒಂದಡಿ ತಗ್ಗಿಸಿ ಮೋಲ್ಡ್ ಹಾಕಿದ್ದೇವೆ. ವಾಯವ್ಯದಲ್ಲಿ ಆ ತಗ್ಗಿಲ್ಲ, ಆಗಿಹೋದ ಮೋಲ್ಡನ್ನು ಈಗ ತಗ್ಗಿಸಲೂ ಆಗದು. ನೆಲವನ್ನೇ ಒಂಬತ್ತು ಇಂಚು ಎತ್ತರಿಸಬಹುದು, ಆದರೆ ಬಾತ್‌ರೂಮಿಗೆ ಮೆಟ್ಟಿಲು ಹತ್ತಿ ಹೋಗಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅಮ್ಮನವರಿಗೆ ಅದು ಬೇಡ. ಆದ್ದರಿಂದ ಮೋಲ್ಡಿನಲ್ಲಿ ಕಮೋಡ್, ನಹನಿ ಟ್ರ್ಯಾಪ್, ವಾಷ್‌ಬೇಸಿನ್‌ಗೆ ಮೂರು ತೂತು ಕೊರೆಸಿ, ಪೈಪುಗಳನ್ನು ಕೆಳಗಿನ ಯುಟಿಲಿಟಿಯ ಚಾವಣಿಗೆ ತೂಗುಹಾಕಿ ಫಾಲ್ಸ್ ಸೀಲಿಂಗಿನಿಂದ ಮುಚ್ಚುವುದು ಸರಿ. ಅಲ್ಲಿಂದ ಚೇಂಬರಿಗೆ 22 ಅಡಿ ದೂರ. 40ಕ್ಕೆ 1ರ ಇಳಿಜಾರಿಗೆ ಆರೂವರೆ ಇಂಚು ಬೇಕು, ಚೇಂಬರಿನ ಆಳ ಸಾಕು, ಅಳೆದು ನೋಡಿದ್ದೇನೆ.

ಇದರ ಖರ್ಚು:

ತೂತು ಕೊರೆಯಲು, 3 × ₹1,500: ₹4,500
ಕಂಬಿ, ಬೀಮು ತಪ್ಪಿಸಲು ಎಂಜಿನಿಯರ್ ಪರಿಶೀಲನೆ: ₹3,500
ಹಳೆಯ ತಗ್ಗನ್ನು ಹಗುರ ಬ್ಲಾಕಿನಿಂದ ತುಂಬಿ ಕಾಂಕ್ರೀಟ್: ₹9,000
91 ಚದರಡಿ ಗೋಡೆ ಒಡೆದು ಬೇರೆ ಕಡೆ ಕಟ್ಟಲು, ₹125ರಂತೆ: ₹11,375
ಹೆಚ್ಚುವರಿ ಪೈಪು, ಕೂಲಿ: ₹9,500
ಪಿವಿಸಿ ಫಾಲ್ಸ್ ಸೀಲಿಂಗ್, 40 ಚದರಡಿ × ₹130: ₹5,200
ಒಟ್ಟು: ₹43,075

ಹಳೆ ಜಾಗದಲ್ಲಿ ಪೈಪು ಹಾಕಿರಲಿಲ್ಲ, ಆ ಮೊತ್ತ ಕಳೆದೇ ಪೈಪಿನ ಲೆಕ್ಕ ಬರೆದಿದ್ದೇನೆ. ಟೈಲ್ಸ್, ವಾಟರ್‌ಪ್ರೂಫಿಂಗ್ ಕರಾರಿನಲ್ಲೇ ಇವೆ.

ಹಾಲಿಗೆ ಟೈಲ್ಸ್ ಬದಲು ಗ್ರಾನೈಟ್: 420 ಚದರಡಿಗೆ ಶೇ. 5 ವೇಸ್ಟೇಜ್ ಸೇರಿ 441. ಕರಾರಿನ ಟೈಲ್ಸ್ ₹65, ನೀವು ಆರಿಸಿದ ಗ್ರಾನೈಟ್ ₹150. ಕಲ್ಲಿನ ವ್ಯತ್ಯಾಸ ₹37,485, ಹಾಕುವ ಕೂಲಿಯ ವ್ಯತ್ಯಾಸ ಚದರಡಿಗೆ ₹20ರಂತೆ ₹8,400; ಒಟ್ಟು ₹45,885. ಕಲ್ಲು ನೀವೇ ಕೊಂಡು ತಂದರೆ ಟೈಲ್ಸಿನ ₹28,665 ಬಿಲ್ಲಿನಲ್ಲಿ ಕಳೆಯುತ್ತೇನೆ, ಕೂಲಿಯ ₹8,400 ಮಾತ್ರ ಸೇರಿಸುತ್ತೇನೆ. ಆಗ ಅಂಗಡಿಯಲ್ಲೇ ಒಂದೇ ಲಾಟಿನ ಕಲ್ಲು ನೋಡಿ ತೆಗೆದುಕೊಳ್ಳಿ. ಕಡಿಮೆ ಬಿತ್ತೆಂದು ಆಮೇಲೆ ತಂದರೆ ಬಣ್ಣ ಕೂಡುವುದಿಲ್ಲ.

ಸಂಪು 6,000 ಲೀಟರಿನಿಂದ 10,000ಕ್ಕೆ: ಹೆಚ್ಚುವರಿ 4,000 ಲೀಟರಿಗೆ ₹20ರಂತೆ ₹80,000. 7×6×5 ಅಡಿಯ ಬದಲು 10×6×6 ಆಗುತ್ತದೆ, ಮೇಲೆ ಕಾರು ನಿಲ್ಲುವುದರಿಂದ ಮುಚ್ಚುವ ಮೋಲ್ಡೂ ದಪ್ಪವಾಗಬೇಕು. ನನ್ನನ್ನು ಕೇಳಿದರೆ ಇದು ಬೇಡ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ನಾಲ್ಕು ಜನಕ್ಕೆ 540. ಆರು ಸಾವಿರ ಹನ್ನೊಂದು ದಿನ ಬರುತ್ತದೆ. ಹೆಚ್ಚು ದಿನ ನಿಂತ ನೀರಿನಲ್ಲಿ ಕೆಸರು ಕೂರುತ್ತದೆ. ಆ ದುಡ್ಡು ನಿಮ್ಮಲ್ಲೇ ಇರಲಿ.

ಮೂರೂ ಸೇರಿದರೆ ₹1,68,960, ಶೇ. 18 ಜಿಎಸ್‌ಟಿ ₹30,413; ಒಟ್ಟು ₹1,99,373. ಸಂಪು ಬಿಟ್ಟರೆ ಜಿಎಸ್‌ಟಿ ಸೇರಿ ₹1,04,973. ಒಪ್ಪಿದ ಮೊತ್ತದ ಅರ್ಧ ಮುಂಗಡ, ಉಳಿದದ್ದು ಆಯಾ ಕೆಲಸ ಮುಗಿದಾಗ. ಬಾತ್‌ರೂಮ್ ಬದಲಾದರೆ ಮನೆ ಬಿಟ್ಟುಕೊಡುವ ದಿನ ಒಂಬತ್ತು ದಿನ ಮುಂದೆ ಹೋಗುತ್ತದೆ.

ಗುರುವಾರ ಸಂಜೆಯೊಳಗೆ ತಿಳಿಸಿ. ಮಹಡಿಯ ಗೋಡೆ ಈಗ ಲಿಂಟಲ್ ಮಟ್ಟದಲ್ಲಿದೆ, ಶನಿವಾರ ಲಿಂಟಲ್ ಕಾಂಕ್ರೀಟ್. ಅದು ಬಿದ್ದ ಮೇಲೆ ಬದಲಾಯಿಸಿದರೆ ಕಂಬಿ ಸಮೇತ ಒಡೆಯಬೇಕು, ₹11,375ಕ್ಕೆ ಆ ಗೋಡೆ ಆಗದು. ಅಲ್ಲಿಯವರೆಗೆ ಆ ಮೂಲೆಯ ಕೆಲಸ ನಿಲ್ಲಿಸಲು ಮೇಸ್ತ್ರಿಗೆ ಹೇಳಿದ್ದೇನೆ, ಉಳಿದದ್ದು ನಡೆಯುತ್ತಿದೆ.

"ಬಾತ್‌ರೂಮ್ ಒಪ್ಪಿಗೆ, ಗ್ರಾನೈಟ್ ಒಪ್ಪಿಗೆ, ಸಂಪು ಬೇಡ" ಎಂಬಷ್ಟನ್ನು ಇದಕ್ಕೇ ಉತ್ತರವಾಗಿ ಬರೆದರೆ ಸಾಕು. ಯಾವುದೂ ಬೇಡವೆಂದರೂ ಬೇಸರವಿಲ್ಲ, ನಕ್ಷೆಯಲ್ಲಿದ್ದಂತೆ ಮುಂದುವರಿಸುತ್ತೇವೆ. ಲೆಕ್ಕದಲ್ಲಿ ಅನುಮಾನವಿದ್ದರೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಸೈಟಿನಲ್ಲಿರುತ್ತೇನೆ, ಟೇಪು ಹಿಡಿದೇ ತೋರಿಸುತ್ತೇನೆ.

ಇಂತಿ ವಿಶ್ವಾಸಿ,
ನಿಮ್ಮ ಮನೆ ಕೆಲಸದ ಕಂಟ್ರಾಕ್ಟರ್, ಮೈಸೂರು