ಎಷ್ಟು ದಿನ ಬಾಗಿಲು ಹಾಕಿಕೊಂಡು ಕೂರಬಹುದು? ರ‍್ಯಾನ್ಸಮ್‌ವೇರ್ ಬಗ್ಗೆ ಆಡಳಿತ ಮಂಡಳಿಗೆ ಹತ್ತು ನಿಮಿಷದ ಮಾತು

[ಪರದೆ ಬೇಡ. ಲ್ಯಾಪ್‌ಟಾಪ್ ಮುಚ್ಚಿಟ್ಟು ಶುರು ಮಾಡುವುದು.]

ಅಧ್ಯಕ್ಷರೇ, ನಿರ್ದೇಶಕರೇ, ನಮಸ್ಕಾರ. ಹತ್ತು ನಿಮಿಷ ಕೊಟ್ಟಿದ್ದೀರಿ, ಅಷ್ಟರಲ್ಲೇ ಮುಗಿಸುತ್ತೇನೆ. ಮೊದಲು ಒಂದು ಪ್ರಶ್ನೆ. ನಾಳೆ ಬೆಳಿಗ್ಗೆ ಆರ್ಡರ್ ಪುಸ್ತಕ, ಗೋದಾಮಿನ ಲೆಕ್ಕ, ಸಂಬಳದ ಪಟ್ಟಿ, ಯಾವುದೂ ತೆರೆಯುವುದಿಲ್ಲ ಅಂದುಕೊಳ್ಳಿ. ನಾವು ಎಷ್ಟು ದಿನ ತಡೆದುಕೊಳ್ಳಬಹುದು? ಒಂದು ದಿನವೇ? ಒಂದು ವಾರವೇ? ಒಂದು ಕಾಗದದ ಮೇಲೆ ಸಂಖ್ಯೆ ಬರೆದುಕೊಳ್ಳಿ. ಕೊನೆಗೆ ಕೇಳುತ್ತೇನೆ.

[ಅರ್ಧ ನಿಮಿಷ ಬಿಡುವುದು.]

ರ‍್ಯಾನ್ಸಮ್‌ವೇರ್ ಅಂದರೆ ಇಷ್ಟೇ. ಯಾರೋ ನಮ್ಮ ಕಂಪ್ಯೂಟರ್‌ಗಳ ಒಳಗೆ ಬರುತ್ತಾರೆ, ನಮ್ಮ ಫೈಲ್‌ಗಳಿಗೆ ತಮ್ಮ ಬೀಗ ಹಾಕುತ್ತಾರೆ, ಬೀಗದ ಕೈ ಬೇಕಾದರೆ ಹಣ ಕೊಡಿ ಅನ್ನುತ್ತಾರೆ. ಇತ್ತೀಚೆಗೆ ಬೀಗ ಹಾಕುವ ಮೊದಲು ಒಂದು ನಕಲು ತೆಗೆದುಕೊಂಡೂ ಹೋಗುತ್ತಾರೆ. ಹಣ ಕೊಡದಿದ್ದರೆ ನಿಮ್ಮ ಗ್ರಾಹಕರ ವಿವರ ಬೀದಿಗೆ ಹಾಕುತ್ತೇವೆ ಅನ್ನುವುದು ಎರಡನೇ ಬೆದರಿಕೆ.

ಬಂದ ದಿನವೇ ಬೀಗ ಹಾಕುತ್ತಾರೆ ಅಂತೇನೂ ಇಲ್ಲ. ಎಷ್ಟೋ ಸಲ ಒಳಗೆ ಸದ್ದಿಲ್ಲದೆ ಓಡಾಡಿಕೊಂಡು, ಬ್ಯಾಕಪ್ ಎಲ್ಲಿದೆ ಅಂತ ಹುಡುಕಿ, ಮೊದಲು ಅದನ್ನೇ ಅಳಿಸುತ್ತಾರೆ. ಈ ಮಾತು ನೆನಪಿರಲಿ, ಮತ್ತೆ ಬೇಕಾಗುತ್ತದೆ.

"ನಮ್ಮಂಥ ಸಣ್ಣ ಸಂಸ್ಥೆ ಯಾರಿಗೆ ಬೇಕು" ಅಂತ ಕಳೆದ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಇವರು ಹೆಸರು ನೋಡಿ ಬರುವವರಲ್ಲ. ಬೀದಿಯಲ್ಲಿ ಒಂದೊಂದೇ ಬಾಗಿಲು ತಳ್ಳಿ ನೋಡುತ್ತಾ ಹೋಗುವವರ ಹಾಗೆ, ಯಾವುದು ತೆರೆಯಿತೋ ಅದಕ್ಕೆ ನುಗ್ಗುತ್ತಾರೆ.

ಹಣ ಕೊಟ್ಟು ಕೈ ತೊಳೆದುಕೊಂಡರೆ ಆಗಲ್ವಾ? 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಹಾಗೇ ಮಾಡಿತು. ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಬೀಗ ತೆಗೆಯುವ ಸಾಧನ ಬಂತು, ಆದರೆ ಅದು ಎಷ್ಟು ನಿಧಾನ ಅಂದರೆ, ಕಂಪನಿ ತನ್ನದೇ ಬ್ಯಾಕಪ್ ಹಿಡಿದು ಕೆಲಸ ಮುಂದುವರಿಸಬೇಕಾಯಿತು. ಹಣ ಕೊಟ್ಟ ಮೇಲೂ ಬ್ಯಾಕಪ್ಪೇ ಗತಿ ಅಂದ ಮೇಲೆ, ಮೊದಲು ಅದನ್ನೇ ನೋಡೋಣ.

[ಇಲ್ಲಿಗೆ ಮೂರು ನಿಮಿಷ. ಮುಂದಿನ ಭಾಗಕ್ಕೆ ಜಾಸ್ತಿ ಸಮಯ ಕೊಡುವುದು.]

ಮೊದಲನೆಯದು, ತಂತಿ ಬಿಚ್ಚಿಟ್ಟ ಬ್ಯಾಕಪ್. ನಮ್ಮಲ್ಲಿ ಬ್ಯಾಕಪ್ ಇದೆ, ಪ್ರತಿ ರಾತ್ರಿ ಆಗುತ್ತದೆ. ತೊಂದರೆ ಏನೆಂದರೆ ಆ ಡ್ರೈವ್ ಸದಾ ಸರ್ವರ್‌ಗೆ ಸಿಕ್ಕಿಸಿಯೇ ಇರುತ್ತದೆ. ಸರ್ವರ್‌ಗೆ ಬೀಗ ಹಾಕಿದವನು ಅದಕ್ಕೂ ಹಾಕುತ್ತಾನೆ. ತಿಜೋರಿಯ ಕೀಲಿಯನ್ನು ತಿಜೋರಿಗೇ ನೇತುಹಾಕಿದ ಹಾಗೆ.

2017ರಲ್ಲಿ ನಾಟ್‌ಪೆಟ್ಯಾ ಅನ್ನುವ ದಾಳಿ ಆಯಿತು. ಅದು ಹಣ ಕೇಳುವ ವೇಷ ಹಾಕಿತ್ತು ಅಷ್ಟೇ, ಕೆಲಸ ಮಾತ್ರ ನಾಶ ಮಾಡುವುದು. ಮರ್ಸ್ಕ್ ಅನ್ನುವ ದೊಡ್ಡ ಹಡಗು ಕಂಪನಿಯ ಕಂಪ್ಯೂಟರ್‌ಗಳೆಲ್ಲ ಮಲಗಿದವು. ಯಾರು ನೌಕರ, ಯಾರಿಗೆ ಯಾವುದು ನೋಡಲು ಅನುಮತಿ ಅಂತ ಲೆಕ್ಕ ಇಡುವ ಸರ್ವರ್‌ಗಳು ಅವರಿಗೆ ಲೋಕದ ತುಂಬ ಇದ್ದವು. ಒಂದು ಹಾಳಾದರೆ ಇನ್ನೊಂದು ಇದೆ ಅನ್ನುವ ನಂಬಿಕೆ. ಎಲ್ಲವೂ ಒಟ್ಟಿಗೇ ಹೋದವು. ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು. ಯಾಕೆ ಉಳಿಯಿತು ಗೊತ್ತಾ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅಷ್ಟು ದೊಡ್ಡ ಕಂಪನಿಯನ್ನು ಕಾಪಾಡಿದ್ದು ಕೆಟ್ಟ ಕರೆಂಟು. ನಮಗೆ ಬೇಕಾದ್ದೂ ಅದೇ, ಆದರೆ ಅದೃಷ್ಟದಿಂದ ಅಲ್ಲ, ಬೇಕೆಂದೇ.

ಅದಕ್ಕೆ ಎರಡು ಡ್ರೈವ್ ಸಾಕು. ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು. ನಕಲು ಮುಗಿದ ಕೂಡಲೇ ಬಿಚ್ಚಿ, ಬೇರೆ ಕಟ್ಟಡದ ಬೀರುವಿನಲ್ಲಿ ಇಡಬೇಕು. ರಾತ್ರಿಯ ಬ್ಯಾಕಪ್ ಈಗಿನ ಹಾಗೇ ನಡೆಯಲಿ. ಅದೂ ಹೋದರೆ ಹೆಚ್ಚೆಂದರೆ ಒಂದು ವಾರದ ಕೆಲಸ ಕೈಬಿಡುತ್ತದೆ, ಎಲ್ಲ ಅಲ್ಲ.

ಇನ್ನು ಸ್ವಲ್ಪ ಮುಜುಗರದ ವಿಷಯ. ಕಳೆದ ತಿಂಗಳು ನಾವೇ ಒಂದು ಪರೀಕ್ಷೆ ಮಾಡಿದೆವು. ಬ್ಯಾಕಪ್‌ನಿಂದ ಲೆಕ್ಕಪತ್ರ ವಾಪಸ್ ತರಲು ಒಂದೂವರೆ ದಿನ ಹಿಡಿಯಿತು, ಗೋದಾಮಿನ ಫೋಲ್ಡರ್ ತೆರೆಯಲೇ ಇಲ್ಲ. ನಾಲ್ಕು ತಿಂಗಳಿಂದ ಅದರ ನಕಲೇ ಆಗುತ್ತಿರಲಿಲ್ಲ, ಯಾರೂ ನೋಡಿರಲಿಲ್ಲ. ಈಗ ಸರಿಮಾಡಿದ್ದೇವೆ. ಆ ತಪ್ಪು ನನ್ನದೇ, ಯಾಕೆಂದರೆ "ಬ್ಯಾಕಪ್ ಆಯಿತು" ಅನ್ನುವ ಸಂದೇಶ ನೋಡಿ ಸುಮ್ನೆ ನಂಬಿಕೊಂಡು ಕೂತಿದ್ದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ವಾಪಸ್ ತಂದು ನೋಡುವುದನ್ನೂ ಈ ನಿರ್ಣಯದಲ್ಲೇ ಸೇರಿಸಿ, ಫಲಿತಾಂಶವನ್ನು ಈ ಮಂಡಳಿಯ ಮುಂದೆಯೇ ತರಿಸಿಕೊಳ್ಳಿ.

ಎರಡನೆಯದು, ಲಾಗಿನ್‌ಗೆ ಎರಡನೇ ಬೀಗ. ಬ್ಯಾಂಕಿನವರು ಪಾಸ್‌ವರ್ಡ್ ಆದ ಮೇಲೆ ಫೋನಿಗೆ ಒಟಿಪಿ ಕಳಿಸುತ್ತಾರಲ್ಲ, ಅಂಥದ್ದೇ. ಮೊದಲು ಹೇಳಿದ ಪೈಪ್‌ಲೈನ್ ಕಂಪನಿಗೆ ಕಳ್ಳರು ಹೇಗೆ ಬಂದರು? ಹೊರಗಿನಿಂದ ಕೆಲಸ ಮಾಡಲು ಕೊಟ್ಟಿದ್ದ ಒಂದು ಹಳೆಯ ಖಾತೆ. ಬಳಕೆಯಲ್ಲಿ ಇರಲಿಲ್ಲ, ಆದರೆ ಮುಚ್ಚಿರಲೂ ಇಲ್ಲ. ಪಾಸ್‌ವರ್ಡ್ ಒಂದೇ ಸಾಕಾಯಿತು.

ನಮ್ಮಲ್ಲಿ ಅಂಥ ಖಾತೆ 14 ಇದ್ದವು. ಅದರಲ್ಲಿ 3 ಕೆಲಸ ಬಿಟ್ಟು ಹೋದವರವು, ಅವನ್ನು ಸೋಮವಾರವೇ ಮುಚ್ಚಿದೆವು. ಉಳಿದ 11ಕ್ಕೆ ಮತ್ತು ಎಲ್ಲರ ಇಮೇಲ್‌ಗೆ ಎರಡನೇ ಬೀಗ ಹಾಕಬೇಕು. ನಮ್ಮ ಇಮೇಲ್ ಸೇವೆಯಲ್ಲಿ ಇದು ಈಗಾಗಲೇ ಇದೆ, ಹೆಚ್ಚಿನ ದುಡ್ಡು ಕೊಡಬೇಕಿಲ್ಲ, ಆನ್ ಮಾಡಬೇಕು ಅಷ್ಟೇ. ಮೊದಲ ವಾರ ಗೊಣಗಾಟ ಇರುತ್ತದೆ. ನನಗೆ ಬೇಡ, ನನಗೆ ವಿನಾಯಿತಿ ಕೊಡಿ ಅನ್ನುವ ಮಾತು ಸಾಮಾನ್ಯವಾಗಿ ಮೇಲಿನವರಿಂದಲೇ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಅದಕ್ಕೇ ಈ ಕೊಠಡಿಯಿಂದಲೇ ಶುರುವಾಗಲಿ. ಮತ್ತೊಂದು, ನೀವು ಲಾಗಿನ್ ಮಾಡದೇ ಇರುವಾಗ ಫೋನು "ಇದು ನೀವೇನಾ" ಅಂತ ಕೇಳಿದರೆ, ಹತ್ತು ಸಲ ಕೇಳಿದರೂ ಒಪ್ಪಬೇಡಿ, ನನಗೆ ಫೋನ್ ಮಾಡಿ. ನಡುರಾತ್ರಿ ಆದರೂ ಪರವಾಗಿಲ್ಲ.

[ಎಂಟು ನಿಮಿಷ ಆಗಿರಬೇಕು. ಮೂರನೆಯದನ್ನು ಬೇಗ ಮುಗಿಸುವುದು.]

ಮೂರನೆಯದು ಅಪ್‌ಡೇಟ್. 2017ರ ಮೇ 12ರಂದು ವಾನಾಕ್ರೈ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿ ರದ್ದಾಯಿತು. ಅದು ಬಳಸಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಸುಮಾರು ಎರಡು ತಿಂಗಳ ಸಮಯ ಇತ್ತು. ನಮಗೆ ಬೇಕಾದ್ದು ತಿಂಗಳಿಗೊಂದು ಸಂಜೆ, ನಾಲ್ಕು ಗಂಟೆ ಎಲ್ಲ ಬಂದ್. ತುರ್ತು ಅಪ್‌ಡೇಟ್ ಬಂದರೆ ಆ ದಿನಕ್ಕೆ ಕಾಯದೆ ಹಾಕುತ್ತೇವೆ. "ಇವತ್ತು ಆರ್ಡರ್ ಜಾಸ್ತಿ, ಮುಂದಿನ ವಾರ ಮಾಡಿ" ಅಂತ ಯಾರೂ ತಡೆಯಬಾರದು. ಇದಕ್ಕೆ ನಿಮ್ಮ ಮಾತಿನ ಬಲ ಬೇಕು.

ಇಷ್ಟೆಲ್ಲ ಮಾಡಿದರೂ ಯಾರೂ ಒಳಗೆ ಬರುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಕದ್ದು ಹೋದ ಮಾಹಿತಿಯನ್ನು ಬ್ಯಾಕಪ್ ವಾಪಸ್ ತರುವುದೂ ಇಲ್ಲ. ಬರುವುದು ಕಷ್ಟವಾಗುತ್ತದೆ, ಬಂದರೂ ನಾವು ಎರಡು ದಿನದಲ್ಲಿ ಮತ್ತೆ ಬಾಗಿಲು ತೆರೆಯುತ್ತೇವೆ. ಈಗಿನ ಸ್ಥಿತಿಯಲ್ಲಿ ನನ್ನ ಅಂದಾಜು ಮೂರು ವಾರ.

ಇವತ್ತು ಬೇಕಾಗಿರುವುದು ಎರಡು ಡ್ರೈವ್ ಕೊಳ್ಳಲು ಒಪ್ಪಿಗೆ, ಒಬ್ಬರ ಹತ್ತು ದಿನದ ಕೆಲಸ, ತಿಂಗಳಿಗೊಂದು ಸಂಜೆ. ಹಾಗೇ, ದಾಳಿಯಾದ ದಿನ ಎಲ್ಲವನ್ನೂ ನಿಲ್ಲಿಸಿ ಅಂತ ಹೇಳುವ ಅಧಿಕಾರ ಯಾರಿಗೆ ಅನ್ನುವುದನ್ನೂ ಈಗಲೇ ತೀರ್ಮಾನಿಸಿ, ಅವರ ಫೋನ್ ನಂಬರನ್ನು ಕಾಗದದ ಮೇಲೆ ಬರೆದಿಡೋಣ. ಆ ದಿನ ಕಂಪ್ಯೂಟರ್‌ನಲ್ಲಿ ಹುಡುಕಲು ಆಗುವುದಿಲ್ಲ.

ಈಗ ನೀವು ಬರೆದುಕೊಂಡ ಸಂಖ್ಯೆ ಹೇಳಿ. ಅಧ್ಯಕ್ಷರೇ, ನಿಮ್ಮಿಂದಲೇ ಶುರು ಮಾಡೋಣವೇ?