ವಿಷಯ: ಇಂಟರ್ನ್‌ಶಿಪ್ ಮುಗಿದ ಮೇಲೆ ಫುಲ್‌ಟೈಮ್ ಹುದ್ದೆಯ ಬಗ್ಗೆ – ಜೂನ್ 9ರೊಳಗೆ ಉತ್ತರ ಸಿಗಬಹುದೇ?

ನಮಸ್ಕಾರ ಮೇಡಂ,

ಪೇಮೆಂಟ್ಸ್ ತಂಡದಲ್ಲಿ ಇಂಟರ್ನ್ ಆಗಿರುವ ಮೇಘನಾ ನಾನು, ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಜನವರಿಯಲ್ಲಿ ನನ್ನ ಇಂಟರ್‌ವ್ಯೂ ನಡೆಸಿಕೊಟ್ಟವರು ನೀವೇ. ನನ್ನ ಇಂಟರ್ನ್‌ಶಿಪ್ ಜೂನ್ 30ಕ್ಕೆ ಮುಗಿಯುತ್ತದೆ. ಆಮೇಲೂ ಇದೇ ತಂಡದಲ್ಲಿ ಫುಲ್‌ಟೈಮ್ ಇಂಜಿನಿಯರ್ ಆಗಿ ಮುಂದುವರಿಯಬೇಕು ಎಂಬುದು ನನ್ನ ಆಸೆ. ಅದಕ್ಕೆ ಹುದ್ದೆ ಇದೆಯೇ, ಇದ್ದರೆ ತೀರ್ಮಾನ ಯಾವಾಗ ಆಗಬಹುದು ಎಂದು ಕೇಳಲು ಬರೆಯುತ್ತಿದ್ದೇನೆ.

ಕಳೆದ ವಾರ ನಮ್ಮ ಮ್ಯಾನೇಜರ್ ಜೊತೆ ಈ ವಿಷಯ ಮಾತಾಡಿದೆ. ಕೆಲಸದ ಬಗ್ಗೆ ತಮಗೆ ಸಮಾಧಾನವಿದೆ, ಫೀಡ್‌ಬ್ಯಾಕ್ ಬರೆದು ಕಳಿಸುತ್ತೇನೆ, ಆದರೆ ಹುದ್ದೆಯ ಮಂಜೂರಾತಿ ಎಚ್‌ಆರ್ ಕಡೆಯಿಂದಲೇ ಬರಬೇಕು ಅಂದರು. ಅವರಿಗೆ ಹೇಳಿಯೇ ಈ ಮೇಲ್ ಕಳಿಸುತ್ತಿದ್ದೇನೆ.

ನಾನು ಇಲ್ಲಿ ಏನು ಮಾಡಿದೆ ಎಂಬುದು ನಿಮ್ಮ ತನಕ ಬಂದಿರಲಿಕ್ಕಿಲ್ಲ, ಆದ್ದರಿಂದ ಮುಖ್ಯವಾದ ಒಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗ್ರಾಹಕರು ದುಡ್ಡು ಕಟ್ಟಿದಾಗ ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ ವೆಬ್‌ಹುಕ್ ಎಂಬ ಒಂದು ಸೂಚನೆಯನ್ನು ತಾನಾಗಿಯೇ ಕಳಿಸುತ್ತದೆ. ನಮ್ಮ ಕಡೆಯಿಂದ ಉತ್ತರ ಹೋಗುವುದು ತಡವಾದರೆ, ತಲುಪಿಲ್ಲ ಎಂದುಕೊಂಡು ಅದನ್ನೇ ಮತ್ತೆ ಕಳಿಸುತ್ತದೆ. ಹೀಗೆ ಎರಡು ಸಲ ಬಂದ ಒಂದೇ ಪಾವತಿ ನಮ್ಮ ಲೆಡ್ಜರ್‌ನಲ್ಲಿ ಎರಡು ಸಾಲಾಗಿ ಕೂರುತ್ತಿತ್ತು. ದಿನದ ಕೊನೆಗೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಬೀಳದೆ, ಫೈನಾನ್ಸ್ ತಂಡದವರು ಶೀಟ್ ತೆರೆದು ಒಂದೊಂದೇ ಸಾಲು ಹುಡುಕಿ ಅಳಿಸುತ್ತಿದ್ದರು. ಈ ಕೆಲಸ ನನಗೆ ಬಂದಾಗ ಮೊದಲು ಅವರ ಪಕ್ಕ ಕೂತು ಆ ಶೀಟನ್ನೇ ನೋಡಿದೆ. ಎರಡು ಸಾಲುಗಳ ಸಮಯ ಬೇರೆ, ಆದರೆ ವೆಬ್‌ಹುಕ್ ಜೊತೆ ಬರುವ ಗುರುತು, ಅಂದರೆ `event_id`, ಒಂದೇ. ಅದೇ ಗುರುತು ಎರಡನೇ ಸಲ ದಾಖಲಾಗದ ಹಾಗೆ ಅದರ ಮೇಲೆ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ, ವೆಬ್‌ಹುಕ್ ಬಂದ ಕೂಡಲೇ ಸ್ವೀಕರಿಸಿ ಕ್ಯೂಗೆ ಹಾಕಿ, ಲೆಡ್ಜರ್ ಬರೆಯುವುದನ್ನು ಆಮೇಲೆ ಹಿನ್ನೆಲೆಯಲ್ಲಿ ನಡೆಯುವ ಹಾಗೆ ಬದಲಿಸಿದೆ. ವಿನ್ಯಾಸವನ್ನು ನನ್ನ ಮೆಂಟರ್ ರಿವ್ಯೂ ಮಾಡಿದರು; ಕೋಡ್, ಟೆಸ್ಟ್, ಹಳೆಯ ಡುಪ್ಲಿಕೇಟ್ ಸಾಲುಗಳನ್ನು ಸರಿಪಡಿಸುವ ಸ್ಕ್ರಿಪ್ಟ್ ಎಲ್ಲವೂ ನನ್ನದು. ಏಪ್ರಿಲ್‌ನಿಂದ ಅದು ಪ್ರೊಡಕ್ಷನ್‌ನಲ್ಲಿ ಓಡುತ್ತಿದೆ, ಆ ಶೀಟ್ ಈಗ ಬಳಕೆಯಲ್ಲಿಲ್ಲ. ಸದ್ಯ ರೀಫಂಡ್‌ಗಳಿಗೂ ಇದೇ ವ್ಯವಸ್ಥೆ ತರುವ ಕೆಲಸ ಹಿಡಿದಿದ್ದೇನೆ. ಅದು ಜೂನ್‌ನೊಳಗೆ ಪೂರ್ತಿ ಮುಗಿಯುವಂಥದ್ದಲ್ಲ. ಅದನ್ನು ದಡ ಮುಟ್ಟಿಸಬೇಕೆಂಬುದು ನಾನು ಇಲ್ಲೇ ಇರಲು ಬಯಸುವ ಕಾರಣಗಳಲ್ಲಿ ದೊಡ್ಡದು.

ಇನ್ನೊಂದು ವಿಷಯವನ್ನು ಮುಚ್ಚಿಡದೆ ತಿಳಿಸಬೇಕು. ಕ್ಯಾಂಪಸ್ ಮೂಲಕ ನನಗೆ ಬೇರೊಂದು ಕಂಪನಿಯ ಆಫರ್ ಬಂದಿದೆ, ಜೂನ್ 12ರೊಳಗೆ ಉತ್ತರ ಕೊಡಬೇಕು. ಸಂಬಳ ಹೆಚ್ಚಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನ್ನ ಮೊದಲ ಆಯ್ಕೆ ಇಲ್ಲಿಯದೇ. ಆದರೆ ಅವರಿಗೆ ಹೂಂ ಅಂದು ಆಮೇಲೆ ಹಿಂದೆ ಸರಿಯುವುದು ನನಗೆ ಸರಿ ಕಾಣುವುದಿಲ್ಲ. ಆ ಜಾಗ ನನ್ನ ಬ್ಯಾಚಿನ ಇನ್ನೊಬ್ಬರಿಗೆ ಸಿಗಬಹುದಾದದ್ದು. ಹಾಗೆಂದು ಇಲ್ಲಿ ಏನೂ ಖಚಿತವಾಗದೆ ಕೈಯಲ್ಲಿರುವುದನ್ನು ಬಿಡುವ ಸ್ಥಿತಿಯಲ್ಲೂ ನಾನಿಲ್ಲ. ಆದ್ದರಿಂದ ಜೂನ್ 9, ಸೋಮವಾರದೊಳಗೆ ನಿಮ್ಮಿಂದ ಒಂದು ಸ್ಪಷ್ಟ ಮಾತು ಸಿಕ್ಕರೆ ದೊಡ್ಡ ಉಪಕಾರ. ಆಫರ್ ಲೆಟರ್ ಅಷ್ಟರಲ್ಲಿ ಸಿದ್ಧವಾಗದಿದ್ದರೆ, ಹುದ್ದೆ ಮಂಜೂರಾಗಿದೆ ಎಂದು ಮೇಲ್‌ನಲ್ಲಿ ತಿಳಿಸಿದರೂ ನನಗೆ ಸಾಕು. ಈ ವರ್ಷ ಹುದ್ದೆ ಇಲ್ಲ ಎಂದಾದರೆ ಅದನ್ನೂ ದಯವಿಟ್ಟು ಹಾಗೆಯೇ ಹೇಳಿಬಿಡಿ.

ಕನ್ವರ್ಷನ್‌ಗೆ ಮುನ್ನ ಇನ್ನೊಂದು ಇಂಟರ್‌ವ್ಯೂ ಇರುವುದಾದರೆ ಜೂನ್ 3ರ ನಂತರ ಯಾವ ದಿನವಾದರೂ ಬರಬಲ್ಲೆ. 3ಕ್ಕೆ ನನ್ನ ಪ್ರಾಜೆಕ್ಟ್ ವೈವಾ ಇದೆ. ಯಾವ ವಿಷಯ ಕೇಳುತ್ತಾರೆ ಎಂದು ಮೊದಲೇ ತಿಳಿಸಿದರೆ ತಯಾರಿಗೆ ಅನುಕೂಲ. ನನಗೆ ಬ್ಯಾಕ್‌ಲಾಗ್ ಯಾವುದೂ ಇಲ್ಲ. ಕೊನೇ ಸೆಮಿಸ್ಟರ್ ಫಲಿತಾಂಶ ಜುಲೈನಲ್ಲಿ ಬರುತ್ತದೆ, ಪ್ರಾವಿಷನಲ್ ಸರ್ಟಿಫಿಕೇಟ್ ಅದರ ನಂತರವೇ. ಜುಲೈ 1ಕ್ಕೇ ಸೇರಿ, ಸರ್ಟಿಫಿಕೇಟನ್ನು ಬಂದ ಮೇಲೆ ಕೊಟ್ಟರೆ ನಡೆಯುತ್ತದೆಯೇ, ಅಥವಾ ಸೇರುವ ದಿನವನ್ನೇ ಮುಂದೆ ಹಾಕಬೇಕೇ? ಇಂಟರ್ನ್ ಆಗಿದ್ದ ಅವಧಿಯನ್ನು ಪ್ರೊಬೇಷನ್‌ನಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂಬುದನ್ನೂ ತಿಳಿಸಿ.

ನಮ್ಮ ತಂಡದಲ್ಲಿ ಜಾಗವಿಲ್ಲದೆ ಬೇರೆ ಬ್ಯಾಕೆಂಡ್ ತಂಡದಲ್ಲಿ ಇದ್ದರೆ ಅದಕ್ಕೂ ನಾನು ಸಿದ್ಧ. ರೀಫಂಡ್ ಕೆಲಸವನ್ನು ಯಾರಿಗೆ ಒಪ್ಪಿಸಿದರೂ ಅವರಿಗೆ ಅರ್ಥವಾಗುವ ಹಾಗೆ ಡಾಕ್ಯುಮೆಂಟ್ ಬರೆದಿಡುತ್ತಿದ್ದೇನೆ.

ಅರ್ಧ ಪುಟದ ರೆಸ್ಯೂಮೆ ಮತ್ತು ವೆಬ್‌ಹುಕ್ ಕೆಲಸದ ಡಿಸೈನ್ ನೋಟ್ ಲಗತ್ತಿಸಿದ್ದೇನೆ. ಫೋನಿನಲ್ಲಿ ಮಾತಾಡುವುದು ಸುಲಭ ಎನಿಸಿದರೆ ಮಧ್ಯಾಹ್ನ 2ರಿಂದ 4ರ ತನಕ ಯಾವ ದಿನವಾದರೂ ಕರೆ ಮಾಡಿ, ನನ್ನ ನಂಬರ್ ನಿಮ್ಮ ದಾಖಲೆಯಲ್ಲಿದೆ.

ವಂದನೆಗಳೊಂದಿಗೆ,
ಮೇಘನಾ
ಇಂಟರ್ನ್, ಪೇಮೆಂಟ್ಸ್ ತಂಡ